ಟೈರು ಹೇಳಿದ ಕಿಲೋಮೀಟರು

2025ರ ಫೆಬ್ರವರಿಯಲ್ಲಿ ಅಕ್ಕನ ಮಗ ಮೈಸೂರಿನಿಂದ ಒಂದು ಜಾಹೀರಾತು ಕಳಿಸಿದ. ‘2018 ಮಾಡೆಲ್, ಪೆಟ್ರೋಲ್, ಸೆಕೆಂಡ್ ಓನರ್, 46,000 ಕಿ.ಮೀ., ಕಂಪನಿ ಸರ್ವಿಸ್, ಇನ್ಶೂರೆನ್ಸ್ ನವೆಂಬರ್‌ವರೆಗೆ, ಟೈರ್ 50%, ಸಣ್ಣ ಟಚಪ್ ಬಿಟ್ಟರೆ ಆಕ್ಸಿಡೆಂಟ್ ಇಲ್ಲ.’ ಕೆಳಗೆ ಅವನದೊಂದು ಸಾಲು: “ಮಾಮ, ತಗೊಳ್ಳಬಹುದಾ?”

ಇಂಥ ಜಾಹೀರಾತಿನ ಒಂದೊಂದು ಸಾಲನ್ನೂ ಬಿಡಿಬಿಡಿಯಾಗಿ ಓದಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟಾಗಲೇ ಒಡಕು ತೋರುವುದು. ಭಾನುವಾರ ಇಬ್ಬರೂ ಹೋಗಿ ನೋಡಿದೆವು.

ಮೊದಲು ಸರ್ವಿಸ್ ಬಿಲ್ಲುಗಳನ್ನು ಕೇಳಿದೆ. ಪ್ರತಿ ಬಿಲ್ಲಿನಲ್ಲೂ ಆ ದಿನದ ಮೀಟರ್ ಓದು ಇರುತ್ತದೆ. ಕಾರು ನೋಂದಣಿಯಾದದ್ದು 2018ರ ಮಾರ್ಚಿನಲ್ಲಿ. ಕಂಪನಿ ಸರ್ವಿಸ್‌ನ ಕೊನೆಯ ಬಿಲ್ಲು 2021ರ ಆಗಸ್ಟ್‌ನದು, ಓದು 41,300. ಅಂದರೆ ವರ್ಷಕ್ಕೆ ಸುಮಾರು ಹನ್ನೆರಡು ಸಾವಿರ ಓಡುತ್ತಿದ್ದ ಕಾರು, ಆಮೇಲಿನ ಮೂರೂವರೆ ವರ್ಷದಲ್ಲಿ ಓಡಿದ್ದು ಐದು ಸಾವಿರಕ್ಕೂ ಕಡಿಮೆ. “ವರ್ಕ್ ಫ್ರಮ್ ಹೋಮ್ ಸಾರ್, ಮನೇಲೇ ನಿಂತಿತ್ತು” ಅಂದರು ಮಾರುವವರು. ಇರಬಹುದು. ಎಷ್ಟೋ ಕಾರುಗಳು ಹಾಗೆ ನಿಂತದ್ದುಂಟು.

ಆಮೇಲೆ ಟೈರಿನ ಹತ್ತಿರ ಕೂತೆ. ಟೈರಿನ ಪಕ್ಕದ ಗೋಡೆಯಲ್ಲಿ DOT ಎಂದು ಶುರುವಾಗುವ ಬರಹದ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಇಲ್ಲಿ 1422 ಇತ್ತು: 2022ರ ಹದಿನಾಲ್ಕನೇ ವಾರದಲ್ಲಿ, ಅಂದರೆ ಏಪ್ರಿಲ್‌ನಲ್ಲಿ ತಯಾರಾದ ಟೈರು. ನಾಲ್ಕಕ್ಕೂ ಅದೇ ಅಂಕಿ. ಹಾಗಾದರೆ ಇವನ್ನು ಹಾಕಿಸಿದ್ದು ಆ 41,300ರ ಬಿಲ್ಲಿನ ನಂತರವೇ. ಹೊಸ ಟೈರಿನ ಗಾಡಿ ಸುಮಾರು 8 ಮಿ.ಮೀ. ಆಳವಿರುತ್ತದೆ, 1.6 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು. ಅಳೆದಾಗ ಸಿಕ್ಕಿದ್ದು 4. ಬಳಸಬಹುದಾದ 6.4ರಲ್ಲಿ 4 ಮಿ.ಮೀ. ಸವೆದುಹೋಗಿದೆ. ನಲವತ್ತು–ಐವತ್ತು ಸಾವಿರ ಬಾಳುವ ಟೈರು ಅಷ್ಟು ಸವೆಯಬೇಕಾದರೆ ಇಪ್ಪತ್ತೈದರಿಂದ ಮೂವತ್ತು ಸಾವಿರ ಕಿಲೋಮೀಟರ್ ಬೇಕು. ಅಲೈನ್‌ಮೆಂಟ್ ಕೆಟ್ಟಿದ್ದರೆ, ಗಾಳಿ ಕಡಿಮೆ ಇದ್ದರೆ ಬೇಗ ಸವೆಯುವುದೂ ಉಂಟು, ಆದರೆ ಆಗ ಅಂಚು ಒಂದು ಥರ, ನಡು ಒಂದು ಥರ ಇರುತ್ತದೆ. ಇವು ನಾಲ್ಕೂ ಒಂದೇ ಸಮ ಸವೆದಿದ್ದವು. ಮೀಟರು ತೋರಿಸಬೇಕಾಗಿದ್ದದ್ದು 46,000 ಅಲ್ಲ, ಎಪ್ಪತ್ತರ ಆಸುಪಾಸು. ತಮಾಷೆಯೆಂದರೆ, ‘ಟೈರ್ 50%’ ಎಂದು ಜಾಹೀರಾತೇ ಒಪ್ಪಿಕೊಂಡಿತ್ತು.

ಇನ್ಶೂರೆನ್ಸ್ ನವೆಂಬರ್‌ವರೆಗೆ ಇದ್ದದ್ದು ನಿಜ. ಆದರೆ ಪಾಲಿಸಿ ಬಿಡಿಸಿ ನೋಡಿದರೆ ಬರೀ ಥರ್ಡ್ ಪಾರ್ಟಿ. ಎದುರಿನವರಿಗೆ ಆದ ಹಾನಿಗಷ್ಟೇ ಅದು. ನಮ್ಮ ಕಾರು ಕಂಬಕ್ಕೆ ಗುದ್ದಿದರೆ ದಮ್ಮಡಿಯೂ ಬರುವುದಿಲ್ಲ. ‘ಎಲ್ಲಿವರೆಗೆ’ ಎಂದು ಕೇಳುವವರು ‘ಯಾವುದು’ ಎಂದು ಕೇಳುವುದು ಕಡಿಮೆ.

ಮಾರುವವರ ಫೈಲಿನಲ್ಲಿ ಹಳೆಯ ಪಾಲಿಸಿಯೂ ಸಿಕ್ಕಿತು, 2022ರ ನವೆಂಬರಿನದು, ಮೊದಲ ಮಾಲೀಕರ ಹೆಸರಿನಲ್ಲಿ. ಅದರಲ್ಲಿ ನೋ ಕ್ಲೇಮ್ ಬೋನಸ್ ಸೊನ್ನೆ. ಕ್ಲೇಮ್ ಮಾಡದಿದ್ದರೆ ಈ ರಿಯಾಯಿತಿ ಮೊದಲ ವರ್ಷದ ನಂತರ 20%ರಿಂದ ಶುರುವಾಗಿ 50%ವರೆಗೆ ಏರುತ್ತದೆ. ಒಮ್ಮೆ ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಪಾಲಿಸಿ ಮುಗಿದು 90 ದಿನ ನವೀಕರಿಸದಿದ್ದರೂ ಹೋಗುತ್ತದೆ. ಅದು ಕಾರಿನದಲ್ಲ, ಮಾಲೀಕರದು. ಕಾರು ಕೈ ಬದಲಾದಾಗ ಜೊತೆಗೆ ಬರುವುದಿಲ್ಲ. ಹಾಗಾಗಿ ಎರಡನೇ ಮಾಲೀಕರ ಪಾಲಿಸಿಯಲ್ಲಿ ಸೊನ್ನೆ ಇದ್ದರೆ ಅದಕ್ಕೆ ಅಷ್ಟೇನೂ ಅರ್ಥವಿಲ್ಲ. ಇಲ್ಲಿ ಆರ್‌ಸಿ ವರ್ಗಾವಣೆಯಾದದ್ದೇ 2023ರಲ್ಲಿ. ಮೊದಲ ಮಾಲೀಕರೇ ಇದ್ದಾಗಿನ ಸೊನ್ನೆ ಇದು.

ಬಾನೆಟ್ ಎತ್ತಿದೆ. ಬಲಗಡೆಯ ಫೆಂಡರಿನ ಬೋಲ್ಟುಗಳ ತಲೆಯ ಮೇಲೆ ಪೇಂಟ್ ಎದ್ದಿತ್ತು. ಎಡಗಡೆ ಹಾಗೇ ಇತ್ತು. ಫೆಂಡರ್ ಬಿಚ್ಚಿ ಹಾಕಿದ್ದಾರೆ. ನನಗೆ ಅದು ದೊಡ್ಡ ವಿಷಯವಲ್ಲ. ಅದು ಬೋಲ್ಟಿನಲ್ಲಿ ಕೂರುವ ತಗಡು. ಹೆದರಬೇಕಾದದ್ದು ವೆಲ್ಡ್ ಆಗಿರುವ ಒಳಭಾಗಗಳಿಗೆ, ಬಾಗಿಲಿನ ಪಕ್ಕದ ಕಂಬಗಳಿಗೆ ಕೈ ಹಾಕಿದ್ದರೆ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ನೋಡಿದೆ: ಕಂಪನಿಯ ಸ್ಪಾಟ್ ವೆಲ್ಡಿನ ದುಂಡು ಗುರುತುಗಳು ಎರಡೂ ಕಡೆ ಒಂದೇ ಅಂತರದಲ್ಲಿ ಸಾಲಾಗಿದ್ದವು. ಸಣ್ಣ ಟಚಪ್ ಅಂದದ್ದು ಬಹುಮಟ್ಟಿಗೆ ಸತ್ಯವೇ.

ಎಪ್ಪತ್ತು ಸಾವಿರ ಓಡಿದ ಕಾರಿನ ಲೆಕ್ಕದಲ್ಲಿ ಬೆಲೆ ಹೇಳಿ ಎದ್ದುಬಂದೆವು. ನಾಲ್ಕನೇ ದಿನ ಫೋನ್ ಬಂತು. ಫಾರಂ 29, 30ಕ್ಕೆ ಸಹಿಯಾಯಿತು. ಅದೇ ವಾರ ಇನ್ಶೂರೆನ್ಸ್ ಕಂಪನಿಗೂ ಬರೆಸಿದೆ, ಮಾಲೀಕತ್ವ ಬದಲಾದ 14 ದಿನದೊಳಗೆ ತಿಳಿಸಬೇಕು. ಹುಡುಗ ಮೊದಲ ಸರ್ವಿಸ್‌ಗೆ ಬಿಟ್ಟಾಗ, ಬಿಲ್ಲಿನಲ್ಲಿ ಮೀಟರ್ ಓದಿನ ಪಕ್ಕ ‘ನಂಬಬೇಡಿ’ ಎಂದು ಬರೆಸಿಕೊಂಡು ಬಂದಿದ್ದಾನೆ.