ಕಾರವಾರ–ಅಂಕೋಲಾ ಓಡಾಟ ಮತ್ತು ಕಾರಿನ ಇಂಧನದ ಲೆಕ್ಕ

ಪೆಟ್ರೋಲ್ ಹಾಗೂ ಡೀಸೆಲ್ ಇಂದಿಗೂ ಜಿಎಸ್‌ಟಿ ವ್ಯಾಪ್ತಿಯ ಹೊರಗಿವೆ. 2017ರ ಜುಲೈ 1ರಿಂದ ಹೊಸ ತೆರಿಗೆ ಪದ್ಧತಿ ಜಾರಿಗೆ ಬಂದರೂ, ಇಂಧನದ ಮೇಲೆ ತೆತ್ತ ತೆರಿಗೆಯನ್ನು ನಮ್ಮ ವರ್ತಕರು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯುವಂತಿಲ್ಲ. ಬಂಕಿನಲ್ಲಿ ಕೊಟ್ಟ ಪ್ರತಿ ರೂಪಾಯಿಯೂ ನೇರವಾಗಿ ಲಾಭ-ನಷ್ಟ ಪಟ್ಟಿಯ ಖರ್ಚಿನ ಬದಿಗೆ ಸೇರುತ್ತದೆ. ಆದ್ದರಿಂದ ಕಾರಿನ ಇಂಧನ ಎಲ್ಲಿ ಸೋರುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಕಾರವಾರದಲ್ಲಿ ಮನೆ, ಅಂಕೋಲಾದಲ್ಲಿ ವ್ಯಾಪಾರವಿರುವ ಒಬ್ಬ ವರ್ತಕರನ್ನು ಊಹಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಒಂದು ಬದಿಯ ಪ್ರಯಾಣ ಸುಮಾರು 35 ಕಿ.ಮೀ. ಇದರಲ್ಲಿ ಒಂದೇ ವೇಗದಲ್ಲಿ ಓಡಬಹುದಾದ ದಾರಿ 25 ಕಿ.ಮೀ. ಎಂದೂ, 80 ಕಿ.ಮೀ. ವೇಗದಲ್ಲಿ ಕಾರು ಲೀಟರಿಗೆ 16 ಕಿ.ಮೀ. ಕೊಡುತ್ತದೆಂದೂ, ಲೀಟರಿನ ಬೆಲೆ 100 ರೂಪಾಯಿ ಎಂದೂ ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಳ್ಳೋಣ.

ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 80ರಿಂದ 100ಕ್ಕೆ ಏರಿದರೆ ಹೆಚ್ಚಳ ಕಾಲು ಭಾಗ ಮಾತ್ರ. ಆದರೆ ಗಾಳಿಯ ಪ್ರತಿರೋಧ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಟೈರಿನ ಘರ್ಷಣೆ ಅಷ್ಟು ಏರದ ಕಾರಣ ಒಟ್ಟು ಇಂಧನ ಸುಮಾರು ಶೇ. 20ರಷ್ಟು ಹೆಚ್ಚು ಬೇಕಾಗುತ್ತದೆಂದು ಹಿಡಿಯಬಹುದು. 25 ಕಿ.ಮೀ. ದಾರಿಗೆ 1.56 ಲೀಟರ್ ಬದಲು 1.87 ಲೀಟರ್, ಅಂದರೆ 31 ರೂಪಾಯಿ ಅಧಿಕ. ಉಳಿದ ಸಮಯವೆಷ್ಟು? ಹದಿನೆಂಟೂ ಮುಕ್ಕಾಲು ನಿಮಿಷದ ಬದಲು ಹದಿನೈದು ನಿಮಿಷ. ನಾಲ್ಕು ನಿಮಿಷಕ್ಕೂ ಕಡಿಮೆ ಸಮಯವನ್ನು 31 ರೂಪಾಯಿಗೆ ಕೊಂಡಂತಾಯಿತು. ತಿಂಗಳಿಗೆ 25 ದಿನ ಹೋಗಿ ಬಂದರೆ ಇದು ಸುಮಾರು 1,550 ರೂಪಾಯಿ. ಆ ನಾಲ್ಕು ನಿಮಿಷ ಊರೊಳಗಿನ ಮೊದಲ ವಾಹನದಟ್ಟಣೆಯಲ್ಲೇ ಕರಗಿಹೋಗುತ್ತದೆ ಎಂಬುದು ಬೇರೆ ಮಾತು.

ಹವಾನಿಯಂತ್ರಕದ ಲೆಕ್ಕ ಇದಕ್ಕಿಂತ ಭಿನ್ನ. ಅದು ಇಂಧನವನ್ನು ಕಿಲೋಮೀಟರಿನ ಮೇಲಲ್ಲ, ಗಂಟೆಯ ಮೇಲೆ ತಿನ್ನುತ್ತದೆ. ಹೆದ್ದಾರಿಯ ವೇಗದಲ್ಲಿ ಅದರ ಪಾಲು ಚಿಕ್ಕದು. ಆಗ ಕಿಟಕಿ ತೆರೆದರೆ ಗಾಳಿಯ ಪ್ರತಿರೋಧವೇ ಹೆಚ್ಚುವುದರಿಂದ ಎ.ಸಿ. ಹಾಕಿಕೊಳ್ಳುವುದರಲ್ಲಿ ದೊಡ್ಡ ನಷ್ಟವಿಲ್ಲ. ಆದರೆ ಬ್ಯಾಂಕಿನ ಮುಂದೆ ಯಾರಿಗೋ ಕಾಯುತ್ತ ಎಂಜಿನ್ ಮತ್ತು ಎ.ಸಿ. ಎರಡನ್ನೂ ಅರ್ಧ ಗಂಟೆ ನಡೆಸಿದರೆ ಒಂದು ಕಿಲೋಮೀಟರನ್ನೂ ಓಡದೆ ಅರ್ಧ ಲೀಟರಿನ ಹತ್ತಿರ ಇಂಧನ ಉರಿದುಹೋಗಬಹುದು. ಮೇಲೆ ಹೇಳಿದ ಅತಿವೇಗದ ನಷ್ಟಕ್ಕಿಂತ ಇದು ದೊಡ್ಡದು. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕೂ ಇದೆ. ಗಾಳಿಯನ್ನು ತಂಪಾಗಿಸುವುದರ ಜೊತೆಗೆ ಅದರಲ್ಲಿರುವ ತೇವಾಂಶವನ್ನು ನೀರಾಗಿಸಲೂ ಕಂಪ್ರೆಸರ್ ದುಡಿಯಬೇಕು. ನಿಂತ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಆ ದುಡಿಮೆಯ ಸಾಕ್ಷಿ. ಬಿಸಿಲಿನಲ್ಲಿ ನಿಂತ ಕಾರಿನ ಕಿಟಕಿಗಳನ್ನು ಒಂದೆರಡು ನಿಮಿಷ ತೆರೆದು ಕಾವು ಹೊರಗೆ ಹೋದ ನಂತರ, ಒಳಗಿನ ಗಾಳಿಯೇ ಮರುಸುತ್ತುವಂತೆ ಗುಂಡಿ ಒತ್ತಿದರೆ ಕಂಪ್ರೆಸರಿನ ಹೊರೆ ಇಳಿಯುತ್ತದೆ.

ಟೈರಿನ ಗಾಳಿಯಿಂದ ಆಗುವ ಇಂಧನದ ಉಳಿತಾಯ ಜನರು ಹೇಳುವಷ್ಟು ದೊಡ್ಡದಲ್ಲ. ನಾಲ್ಕೂ ಟೈರುಗಳಲ್ಲಿ 32 ಪಿಎಸ್‌ಐ ಇರಬೇಕಾದಲ್ಲಿ 26 ಇದ್ದರೆ ಇಂಧನ ಶೇ. 1ರಿಂದ 2ರಷ್ಟು ಹೆಚ್ಚು ಖರ್ಚಾಗುತ್ತದೆ. ನಮ್ಮ ವರ್ತಕರಿಗೆ ತಿಂಗಳಿಗೆ ನೂರು-ಇನ್ನೂರು ರೂಪಾಯಿ. ನಿಜವಾದ ನಷ್ಟ ಟೈರಿನದು. ಅದರ ಎರಡೂ ಅಂಚುಗಳು ನಡುಭಾಗಕ್ಕಿಂತ ಬೇಗ ಸವೆದಿದ್ದರೆ ಗಾಳಿ ಬಹುಕಾಲದಿಂದ ಕಡಿಮೆಯಿತ್ತೆಂದು ತಿಳಿಯಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಕಾರವಾರದಿಂದ ಹೊರಟು ಅಂಕೋಲಾದ ಬಂಕಿನಲ್ಲಿ ಗಾಳಿ ನೋಡಿಸಿದಾಗ ಟೈರು ಬಿಸಿಯಾಗಿರುತ್ತದೆ, ಮಾಪಕ ಮೂರು-ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅಲ್ಲಿ 32 ಕಂಡರೆ ತಣ್ಣನೆಯ ಟೈರಿನಲ್ಲಿ ಇರುವುದು 28 ಅಥವಾ 29 ಮಾತ್ರ. ಬೆಳಿಗ್ಗೆ ಮನೆಯ ಸಮೀಪದಲ್ಲೇ ಪರೀಕ್ಷಿಸುವುದು ಸರಿಯಾದ ಕ್ರಮ. ಇರಬೇಕಾದ ಅಂಕೆಯನ್ನು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಪಟ್ಟಿಯಲ್ಲಿ ನೋಡಬೇಕು. ಟೈರಿನ ಮೈಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ.

ಗೇರಿನ ವಿಷಯ. ಅದೇ ವೇಗದಲ್ಲಿ ಮೇಲಿನ ಗೇರಿನಲ್ಲಿ ಎಂಜಿನ್ ಕಡಿಮೆ ಸುತ್ತು ತಿರುಗುವುದರಿಂದ ಅದರೊಳಗಿನ ಘರ್ಷಣೆಗೆ ಹೋಗುವ ಇಂಧನ ಉಳಿಯುತ್ತದೆ. ಆದರೆ ಎಂಜಿನ್ ಗುದ್ದಾಡುವಂತೆ ನಡುಗಿದರೆ ಗೇರು ಇಳಿಸಲೇಬೇಕು. ಅಂಕೋಲಾದಿಂದ ಯಲ್ಲಾಪುರದ ಕಡೆಗೆ ಅರಬೈಲು ಘಾಟಿ ಏರುವಾಗ ಮೇಲಿನ ಗೇರಿಗೆ ಅಂಟಿಕೊಳ್ಳುವುದು ಉಳಿತಾಯವಲ್ಲ. ಅದೇ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವ ಹಳೆಯ ಅಭ್ಯಾಸ ಇನ್ನೂ ಕೆಲವರಲ್ಲಿದೆ. ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ಅಲ್ಪಸ್ವಲ್ಪ ಇಂಧನ ಉಳಿಯುತ್ತಿದ್ದಿರಬಹುದು. ಈಗಿನ ಇಂಧನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಹರಿವೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ನಿಲ್ಲದಿರಲು ಇಂಧನ ಹರಿಯಲೇಬೇಕು. ಜೊತೆಗೆ ಕಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಸಾಮಾನ್ಯವಾಗಿ ಅದೇ ಗೇರು.