ಮದ್ದು ಹೊಡೆದವರ ಮೇಲ್ಮನವಿ

2020ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ಎಂಟು ಫೋಟೊಗಳನ್ನು ಹಾಕಿದರು. ಸ್ತನ ಕ್ಯಾನ್ಸರ್ ಬಂದಾಗ ಚರ್ಮದಲ್ಲಿ ಏನೇನು ಬದಲಾವಣೆ ಕಾಣುತ್ತದೆ ಎಂದು ತೋರಿಸುವ ಫೋಟೊಗಳವು. ಇದು ಜಾಗೃತಿಗಾಗಿ ಎಂದು ಮೇಲೆ ಪೋರ್ಚುಗೀಸ್ ಭಾಷೆಯಲ್ಲಿ ಬರೆದೂ ಇತ್ತು. ನಗ್ನತೆಯ ನಿಯಮದಡಿ ಯಂತ್ರವೇ ಪೋಸ್ಟನ್ನು ತೆಗೆದುಹಾಕಿತು. ತಮಾಷೆಯೆಂದರೆ, ಸ್ತನ ಕ್ಯಾನ್ಸರ್ ಜಾಗೃತಿಗೆ ವಿನಾಯಿತಿ ಇದೆ ಎಂದು ಕಂಪನಿಯ ನಿಯಮದಲ್ಲೇ ಬರೆದಿತ್ತು. ಪ್ರಕರಣ ಮೆಟಾದ ಮೇಲ್ವಿಚಾರಣಾ ಮಂಡಳಿಯ ಕೈಗೆ ಹೋದ ಮೇಲಷ್ಟೇ ಕಂಪನಿ ತಪ್ಪೊಪ್ಪಿಕೊಂಡು ಪೋಸ್ಟನ್ನು ಮರಳಿ ಹಾಕಿತು. ಚಿತ್ರದ ಮೇಲೆ ಪೋರ್ಚುಗೀಸಿನಲ್ಲಿದ್ದ ‘ಸ್ತನ ಕ್ಯಾನ್ಸರ್’ ಎಂಬ ಪದಗಳನ್ನು ಯಂತ್ರ ಗುರುತಿಸಿರಲಿಲ್ಲ ಎಂದು 2021ರ ಜನವರಿಯ ತೀರ್ಪಿನಲ್ಲಿ ಮಂಡಳಿ ಹೇಳಿತು. ಪೋರ್ಚುಗೀಸ್ ಏನೂ ಸಣ್ಣ ಭಾಷೆಯಲ್ಲ. ಅದಕ್ಕೇ ಈ ಗತಿಯಾದರೆ ಕನ್ನಡದ ಪಾಡೇನು?

ಈ ಯಂತ್ರಕ್ಕೆ ನಿಯಮಪುಸ್ತಕ ಓದಿ ತೀರ್ಪು ಕೊಡುವ ಶಕ್ತಿ ಇರುವುದಿಲ್ಲ. ಹಿಂದೆ ಮನುಷ್ಯರು ‘ತಪ್ಪು’ ಅಥವಾ ‘ಸರಿ’ ಎಂದು ಗುರುತು ಹಾಕಿದ ಸಾವಿರಾರು ಪೋಸ್ಟ್‌ಗಳನ್ನು ಅದಕ್ಕೆ ಉಣಿಸಿರುತ್ತಾರೆ. ಹೊಸ ಪೋಸ್ಟ್ ಬಂದಾಗ, ಅದು ಹಳೆಯ ‘ತಪ್ಪು’ಗಳನ್ನು ಎಷ್ಟು ಹೋಲುತ್ತದೆ ಎಂದು ಸೊನ್ನೆಯಿಂದ ಒಂದರೊಳಗಿನ ಒಂದು ಅಂಕ ಕೊಡುತ್ತದೆ. ಅಂಕ ತೀರಾ ಹೆಚ್ಚಿದ್ದರೆ ಪೋಸ್ಟ್ ನೇರ ಹೋಗುತ್ತದೆ, ನಡುವೆ ಇದ್ದರೆ ಮನುಷ್ಯರ ಸರದಿಗೆ ಸೇರುತ್ತದೆ, ಕಡಿಮೆ ಇದ್ದರೆ ಉಳಿಯುತ್ತದೆ. ಬರೆದವರು ಯಾರು, ಯಾರಿಗೆ ಬರೆದರು, ಯಾವ ಊರಿನ ಮಾತು ಎಂಬುದೆಲ್ಲ ಈ ಲೆಕ್ಕದಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ.

ಉಣಿಸುವ ಪಠ್ಯ ಕಡಿಮೆಯಾದಷ್ಟೂ ಅಂಕ ಎಡವುತ್ತದೆ. ಫೇಸ್‌ಬುಕ್ ಸಂಶೋಧಕರು 2019ರಲ್ಲಿ ನೂರು ಭಾಷೆಗಳಿಗೆಂದು ಮಾಡಿದ ಎಕ್ಸ್‌ಎಲ್‌ಎಂ-ಆರ್ ಎಂಬ ಮಾದರಿಗೆ ಸುಮಾರು 300 ಗಿಗಾಬೈಟ್ ಇಂಗ್ಲಿಷ್ ಸಿಕ್ಕಿತ್ತು. ಕನ್ನಡ ಸಿಕ್ಕಿದ್ದು 3 ಗಿಗಾಬೈಟ್ ಚಿಲ್ಲರೆ. ಇಂಥ ಮಾದರಿಗಳು ಪದವನ್ನು ಚೂರುಚೂರಾಗಿ ಒಡೆದು ಓದುತ್ತವೆ. ನಮ್ಮ ಭಾಷೆಯಲ್ಲಿ ಮುಖ್ಯವಾದದ್ದೆಲ್ಲ ಪದದ ಬಾಲದಲ್ಲಿರುತ್ತದೆ. ‘ಕೊಲ್ಲಬೇಕು’ ಮತ್ತು ‘ಕೊಲ್ಲಬೇಡ’ ಎಂಬ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಕೊನೆಯ ಒಂದು ಅಕ್ಷರದ ವ್ಯತ್ಯಾಸ ಅಷ್ಟೆ. ಕಡಿಮೆ ಕನ್ನಡ ಓದಿದ ಮಾದರಿಗೆ ‘ಕೊಲ್ಲ’ ಎಂಬ ಚೂರು ಜೋರಾಗಿ ಕೇಳುತ್ತದೆ, ಬಾಲ ಕೇಳುವುದಿಲ್ಲ. ಇದರ ಮೇಲೆ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆಯುತ್ತೇವೆ. ಕಾಮೆಂಟುಗಳಲ್ಲಿ ನಿಂದನೆಯನ್ನು ಗುರುತಿಸಲು ಸಂಶೋಧಕರು 2020ರಲ್ಲಿ ಕಾನ್‌ಸಿಎಂಡಿ ಎಂಬ ಸಂಗ್ರಹ ಮಾಡಿದರು. ಅದರಲ್ಲಿದ್ದ ಕನ್ನಡ-ಇಂಗ್ಲಿಷ್ ಬೆರಕೆಯ ಯೂಟ್ಯೂಬ್ ಕಾಮೆಂಟುಗಳು ಏಳೂವರೆ ಸಾವಿರ ದಾಟಿದವು, ಎಂಟು ಸಾವಿರ ಮುಟ್ಟಲಿಲ್ಲ. ಒಂದು ಸಿನಿಮಾ ಟ್ರೇಲರ್‌ನ ಕೆಳಗೇ ಅದಕ್ಕಿಂತ ಹೆಚ್ಚು ಬೀಳುತ್ತವೆ.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಜುಲೈ ತಿಂಗಳು, ಶಿರಸಿ ಕಡೆಯ ಅಡಿಕೆ ತೋಟ. ಮಳೆ ಎರಡು ದಿನ ಹೊಳವಾಗಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಇದೇ ಸಮಯ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತೋಟದವರು ನೀಲಿ ಹರಳಿನ ಪ್ಯಾಕೆಟ್‌ನ ಫೋಟೊ ಹಾಕಿ ಬರೆಯುತ್ತಾರೆ: ‘ನಾಳೆ ಎರಡನೇ ಸಲ ಮದ್ದು ಹೊಡೆಯೋದು. ಮಾಲು ಹೆಚ್ಚಿಗೆ ತಂದಿದೀನಿ, ಬೇಕಾದವ್ರು ಫೋನ್ ಮಾಡಿ.’ ಮದ್ದು, ಹೊಡೆಯೋದು, ಮಾಲು, ಫೋನ್ ಮಾಡಿ, ಜತೆಗೆ ಪ್ಯಾಕೆಟ್‌ನಲ್ಲಿ ಹರಳು. ಯಂತ್ರ ಇದನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಓದಿದರಂತೂ ಮುಗಿದೇ ಹೋಯಿತು. ‘ಮಾದಕ ವಸ್ತು ಮಾರಾಟ’ ಎಂಬ ಕಾರಣ ಕೊಟ್ಟು ಪೋಸ್ಟನ್ನು ಕಿತ್ತುಹಾಕಿದರೆ ಆಶ್ಚರ್ಯವಿಲ್ಲ.

ಸಿಟ್ಟಿನಲ್ಲಿ ಬರೆಯುವ ಮೇಲ್ಮನವಿ ಹೀಗಿರುತ್ತದೆ: ‘ನಾನು ರೈತ, ಹತ್ತು ವರ್ಷದಿಂದ ಇಲ್ಲಿದ್ದೇನೆ, ನಿಮಗೆ ನಾಚಿಕೆಯಾಗಬೇಕು.’ ಸಿಟ್ಟು ನ್ಯಾಯವಾದದ್ದೇ, ಆದರೆ ಅದರಲ್ಲಿ ಓದುವವರಿಗೆ ಉಪಯೋಗವಾಗುವ ಒಂದು ಪದವೂ ಇಲ್ಲ. ಇನ್ನೊಮ್ಮೆ ನೋಡುವವರು ಮತ್ತೊಂದು ಯಂತ್ರವಿರಬಹುದು, ಕನ್ನಡ ಬಾರದ ಅಥವಾ ಅಡಿಕೆ ತೋಟ ಕಂಡಿರದ ಮನುಷ್ಯರಿರಬಹುದು. ಅವರ ಮುಂದಿರುವ ಪ್ರಶ್ನೆ ಒಂದೇ, ಆ ನಿಯಮ ಈ ಪೋಸ್ಟಿಗೆ ಅನ್ವಯಿಸುತ್ತದೋ ಇಲ್ಲವೋ. ಅದಕ್ಕಷ್ಟೇ ಉತ್ತರ ಕೊಡಬೇಕು:

‘ಇದು ಅಡಿಕೆ ಕೃಷಿಯ ಪೋಸ್ಟ್. ಇದನ್ನು ಮಾದಕ ವಸ್ತುವಿನ ನಿಯಮದಡಿ ತೆಗೆಯಲಾಗಿದೆ. ಇಲ್ಲಿ “ಮದ್ದು” ಎಂದರೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಶಿಲೀಂಧ್ರನಾಶಕ. “ಹೊಡೆಯುವುದು” ಎಂದರೆ ಮರಕ್ಕೆ ಸಿಂಪಡಿಸುವುದು. ಕರ್ನಾಟಕದ ಅಡಿಕೆ ಬೆಳೆಗಾರರು ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಇದನ್ನು ಬಳಸುತ್ತಾರೆ. ಫೋಟೊದಲ್ಲಿರುವ ನೀಲಿ ಹರಳು ಮೈಲುತುತ್ತ, ಪ್ಯಾಕೆಟ್ ಮೇಲೆ ಅದರ ಹೆಸರು ಅಚ್ಚಾಗಿದೆ. ಮಾದಕ ವಸ್ತುವಿನ ಮಾರಾಟವಾಗಲಿ ಬಳಕೆಯಾಗಲಿ ಇದರಲ್ಲಿ ಇಲ್ಲ.’

ಮೊದಲ ವಾಕ್ಯದಲ್ಲೇ ಇದು ಏನೆಂದು ಗೊತ್ತಾಗುತ್ತದೆ. ಬರೆಯುವ ಜಾಗ ಸಣ್ಣದು, ಓದುವವರ ಪುರುಸೊತ್ತು ಇನ್ನೂ ಸಣ್ಣದು. ಆಮೇಲೆ ಎಡವಿದ ಪದವನ್ನೇ ಎತ್ತಿಕೊಂಡು ಅರ್ಥ ಹೇಳಿದೆ, ಫೋಟೊದಲ್ಲಿ ಕಣ್ಣಾರೆ ನೋಡಬಹುದಾದ ಸಾಕ್ಷಿಯನ್ನು ಬೆರಳಿಟ್ಟು ತೋರಿಸಿದೆ. ಮೇಲ್ಮನವಿಯನ್ನೂ ಯಂತ್ರಾನುವಾದದಲ್ಲೇ ಓದುವ ಸಾಧ್ಯತೆ ಇರುವುದರಿಂದ ಆಡುಮಾತು, ಗಾದೆ, ವ್ಯಂಗ್ಯ ಬೇಡ. ಪುಸ್ತಕದ ಕನ್ನಡವನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಬಂದರೆ ಕೆಳಗೆ ಇಂಗ್ಲಿಷಿನಲ್ಲೂ ಎರಡು ಸಾಲು ಹಾಕಿ. ಇನ್ನೊಬ್ಬರ ಬೈಗುಳವನ್ನು ಖಂಡಿಸಲು ನೀವು ಅದನ್ನು ಉಲ್ಲೇಖಿಸಿದ್ದರೆ, ಎಲ್ಲಿಂದ ಎಲ್ಲಿಯವರೆಗೆ ಅವರ ಮಾತು, ಯಾವ ವಾಕ್ಯದಲ್ಲಿ ನಿಮ್ಮ ಖಂಡನೆ ಇದೆ ಎಂದು ತೋರಿಸಿ. ಕೆಲವು ಕಡೆ ‘ಜಾಗೃತಿಗಾಗಿ’, ‘ತಮಾಷೆಗಾಗಿ’ ಎಂಬ ಆಯ್ಕೆಗಳನ್ನೇ ಕೊಟ್ಟಿರುತ್ತಾರೆ. ಸುಮ್ಮನೆ ತಮಾಷೆಯನ್ನು ಒತ್ತುವುದು ಬುದ್ಧಿವಂತಿಕೆಯಲ್ಲ. ತಮಾಷೆಗೆ ವಿನಾಯಿತಿ ಇಲ್ಲದ ನಿಯಮವಾದರೆ ತಪ್ಪನ್ನು ನೀವೇ ಒಪ್ಪಿಕೊಂಡಂತಾಗುತ್ತದೆ.

ಮೇಲ್ಮನವಿ ಯಾಕೆ, ಅದೇ ಪೋಸ್ಟನ್ನು ಮತ್ತೆ ಹಾಕಿದರಾಯಿತು ಎನ್ನುವವರಿದ್ದಾರೆ. ಅದು ಅಪಾಯ. ಒಮ್ಮೆ ತಪ್ಪೆಂದು ಗುರುತಾದ ಚಿತ್ರದ ಬೆರಳಚ್ಚನ್ನು ಕಂಪನಿ ಒಂದು ಸಂಗ್ರಹದಲ್ಲಿ ಇಟ್ಟರೆ, ಅದೇ ಚಿತ್ರ ಎಲ್ಲಿ ಯಾರು ಹಾಕಿದರೂ ಅಳಿಸಿಹೋಗುತ್ತದೆ. ಕೊಲಂಬಿಯಾದ ಪೊಲೀಸರ ದೌರ್ಜನ್ಯದ ಕುರಿತ ಒಂದು ವ್ಯಂಗ್ಯಚಿತ್ರ ಹೀಗೆ ತಪ್ಪಾಗಿ ಮೆಟಾದ ಸಂಗ್ರಹ ಸೇರಿತ್ತು. ಅದನ್ನು ಹಾಕಿದವರಲ್ಲಿ 215 ಮಂದಿ ಮೇಲ್ಮನವಿ ಸಲ್ಲಿಸಿದರು, ಶೇ 98ರಷ್ಟು ಮಂದಿ ಗೆದ್ದರು. ಆದರೂ ಪ್ರಕರಣ ಮಂಡಳಿಗೆ ಹೋಗುವ ತನಕ ಚಿತ್ರ ಸಂಗ್ರಹದಲ್ಲೇ ಇತ್ತು. ಗೆದ್ದವರ ಲೆಕ್ಕವನ್ನು ಯಂತ್ರಕ್ಕೆ ತಿರುಗಿ ಹೇಳುವವರೇ ಇರಲಿಲ್ಲ.

ಕಂಪನಿ ಮೊದಲ ಮೇಲ್ಮನವಿಯನ್ನು ತಳ್ಳಿಹಾಕಿದರೆ ಭಾರತದಲ್ಲಿ ಮುಂದಿನ ದಾರಿ ಇದೆ. 2021ರ ಐಟಿ ನಿಯಮಗಳ ಪ್ರಕಾರ ದೊಡ್ಡ ಜಾಲತಾಣಗಳು ಪೋಸ್ಟನ್ನು ತಾವಾಗಿ ತೆಗೆದಾಗ ಕಾರಣ ತಿಳಿಸಬೇಕು, ಅದನ್ನು ಪ್ರಶ್ನಿಸಲು ಅವಕಾಶ ಕೊಡಬೇಕು. ಅಲ್ಲಿ ಆಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು, ಅವರ ಉತ್ತರ ಕೈಸೇರಿದ 30 ದಿನದೊಳಗೆ gac.gov.in ಮೂಲಕ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಅರ್ಜಿ. ಮೆಟಾದ ಮಂಡಳಿಗೆ ಹೋಗುವುದಾದರೆ ಕಂಪನಿಯ ಕೊನೆಯ ತೀರ್ಮಾನ ಬಂದ ಮೇಲೆ 15 ದಿನವಷ್ಟೇ ಸಮಯ, ಜತೆಗೆ ಕಂಪನಿ ಕೊಟ್ಟ ಉಲ್ಲೇಖ ಸಂಖ್ಯೆ ಬೇಕು. ಹಾಗಾಗಿ ಪೋಸ್ಟ್ ಹೋಯಿತೆಂದು ಸೂಚನೆ ಬಂದ ಗಳಿಗೆಯಲ್ಲೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಮೂಲ ಬರಹ, ಫೋಟೊ, ತಾರೀಖು, ಅವರು ಹೆಸರಿಸಿದ ನಿಯಮ, ಇಷ್ಟೂ ಅದರಲ್ಲಿ ಕಾಣುವಂತಿರಲಿ.