ಮೀನಿನ ಪೇಟೆಗೂ ಹೋಗುವ ಕಿತಾಬಿನ ಚೀಲ

ಶವ್ವಾಲ್‌ನಲ್ಲಿ ಮದ್ರಸ ತೆರೆಯುವಾಗ ಕಿತಾಬು ಕೊಂಡವರಿಗೆ ಬಟ್ಟೆ ಚೀಲ ಕೊಡಬೇಕೆಂದು ನಮ್ಮ ಜಮಾಅತಿನ ಪುಸ್ತಕದಂಗಡಿಯವರು ಮಾದರಿ ತೋರಿಸಿದರು. ಮೇಲೆ ಹಸಿರು ಬಣ್ಣದ ಬಿಸ್ಮಿ, ಕೆಳಗೆ ಕಪ್ಪಿನಲ್ಲಿ ಅಂಗಡಿಯ ಹೆಸರು. ನೋಡಲು ಚೆಂದವೇ. ಆದರೆ ಗಟ್ಟಿ ಚೀಲ ಮನೆಯಲ್ಲಿ ಸುಮ್ಮನೆ ಕೂರುವುದುಂಟಾ? ನಾಳೆ ಅದರಲ್ಲಿ ಬಂಗುಡೆ ಬರುತ್ತದೆ, ನಾಡಿದ್ದು ಬಸ್ಸಿನಲ್ಲಿ ಕಾಲಡಿ ಇಡುತ್ತಾರೆ. "ಬಿಸ್ಮಿ ಬೇಡ ಕಾಕ, ಹೆಸರು ಮಾತ್ರ ಸಾಕು" ಎಂದೆವು. ಒಪ್ಪಿದರು.

ಖರ್ಚೂ ಇಳಿಯಿತು. ಸ್ಕ್ರೀನ್ ಪ್ರಿಂಟಿನಲ್ಲಿ ಬಣ್ಣಕ್ಕೊಂದು ಸ್ಕ್ರೀನ್ ಬೇಕು. ಒಂದು ಸ್ಕ್ರೀನಿಗೆ 500 ರೂಪಾಯಿ ಅಂತ ಇಟ್ಟುಕೊಳ್ಳಿ. 50 ಚೀಲ ಮಾಡಿಸಿದರೆ ಚೀಲವೊಂದಕ್ಕೆ 10 ರೂಪಾಯಿ ಬೀಳುತ್ತದೆ, 200 ಮಾಡಿಸಿದರೆ ಎರಡೂವರೆ.

ಉಳಿದ ದುಡ್ಡನ್ನು ಹೊಲಿಗೆಗೆ ಹಾಕಿ ಎಂದೆವು. ಕಿತಾಬಿನ ಭಾರಕ್ಕೆ ಮೊದಲು ಬಿಚ್ಚುವುದು ಬಟ್ಟೆಯಲ್ಲ, ಹಿಡಿ ಸೇರುವ ಜಾಗ. ಅಲ್ಲಿ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಹೊಲಿಗೆ ಹಾಕಿಸಬೇಕು. ಅಡಿಯಲ್ಲಿ ಮೂರು ಇಂಚು ಅಗಲ ಬಿಟ್ಟರೆ ಪುಸ್ತಕದ ಮೂಲೆ ಮಡಚುವುದಿಲ್ಲ. ಹೆಸರು ರಸ್ತೆಯಾಚೆಯಿಂದ ಓದುವಷ್ಟು ದೊಡ್ಡದಿರಲಿ, ಕೆಳಗೆ ಯಾವ ಮಸೀದಿ ಹತ್ತಿರ ಅಂತ ಇದ್ದರಾಯಿತು.

ಸಣ್ಣ ನೋಟ್‌ಬುಕ್ಕಿಗೆಲ್ಲ ಚೀಲ ಕೊಟ್ಟರೆ ಪೂರೈಸುವುದಿಲ್ಲ. ಹಾಗಾಗಿ ಮಕ್ಕಳ ಇಡೀ ಸೆಟ್ ಕೊಂಡವರಿಗೆ ಮಾತ್ರ ಪುಕ್ಕಟೆ.

ಮೊನ್ನೆ ಧಕ್ಕೆಯಲ್ಲಿ ಅದೇ ಚೀಲ ಕಂಡೆವು. ಅಂಗಡಿ ಹೆಸರಿನ ಮೇಲೆಯೇ ಬಂಗುಡೆಯ ಬಾಲ ಇಣುಕುತ್ತಿತ್ತು.